ಅರ್ಧಕ್ಕೆ ನಿಂತ ರೆಕಾರ್ಡಿಂಗ್: ನಾವೇ ಸರಿಮಾಡೋದಾ, ದುಡ್ಡು ಕೊಡೋದಾ, ಅಂಗಡಿಗೆ ಒಯ್ಯೋದಾ?

ಹೋದ ವರ್ಷ ಸಾಗರದ ಹತ್ತಿರ ನೆಂಟರ ಮನೆಯ ಮದುವೆ. ನಮ್ಮ ಚಿಕ್ಕಮ್ಮ ಹಸೆ ಹಾಡು ಹೇಳುತ್ತಿದ್ದರು. ಅವರ ಮಗ ಫೋನನ್ನು ಕಂಬಕ್ಕೆ ಒರಗಿಸಿ ವಿಡಿಯೊ ಹಚ್ಚಿಟ್ಟು ಊಟಕ್ಕೆ ಬಡಿಸಲು ಹೋಗಿದ್ದ. ತಿರುಗಿ ಬಂದು ನೋಡಿದರೆ ಫೋನ್ ಕಾದು, ತಾನಾಗಿ ಆಫ್ ಆಗಿ, ಮತ್ತೆ ಆನ್ ಆಗಿ ಲಾಕ್ ಸ್ಕ್ರೀನ್ ತೋರಿಸುತ್ತಿತ್ತು. ಗ್ಯಾಲರಿಯಲ್ಲಿ ವಿಡಿಯೊ ಇಲ್ಲ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬಂತು. "ಅಣ್ಣ, ಫೈಲ್ ಸಿಕ್ತು, 3.4 ಜಿಬಿ ಇದೆ, ಆದ್ರೆ ಓಪನ್ ಆಗ್ತಿಲ್ಲ. ಒಂದು ಸಾಫ್ಟ್‌ವೇರ್ ದುಡ್ಡು ಕೇಳ್ತಿದೆ, ಕೊಡ್ಲಾ?"

ಈ ಪ್ರಶ್ನೆ ನನಗೆ ಆಗಾಗ ಬರುತ್ತೆ. ಪುಕ್ಕಟೆ ಸಾಫ್ಟ್‌ವೇರ್ ಇದೆ, ದುಡ್ಡಿನದ್ದು ಇದೆ, ವೆಬ್‌ಸೈಟಿಗೆ ಹಾಕಿದರೆ ಸರಿಮಾಡಿ ಕೊಡುವವರಿದ್ದಾರೆ, ಡೇಟಾ ರಿಕವರಿ ಅಂಗಡಿಯವರೂ ಇದ್ದಾರೆ. ಯಾವುದು ಅಂತ ಹೇಳುವ ಮೊದಲು ಮೂರು ವಿಷಯ ಗೊತ್ತಾಗಬೇಕು. ಫೈಲಿನೊಳಗೆ ನಿಜವಾಗಿ ಏನಾದರೂ ಇದೆಯಾ? ಅದು ಯಾವ ಬಗೆಯ ಫೈಲ್? ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿ ಇರುವ ಇನ್ನೊಂದು ವಿಡಿಯೊ ಸಿಗುತ್ತಾ? ದುಡ್ಡಿನ ಮಾತು, ಗುಟ್ಟಿನ ಮಾತು ಇವುಗಳ ನಂತರ.

ಒಡೆದಿದ್ದು ಏನು

ಫೋನಿನ `.mp4` ಫೈಲಿನಲ್ಲಿ ಮುಖ್ಯವಾಗಿ ಮೂರು ಪೆಟ್ಟಿಗೆಗಳಿರುತ್ತವೆ. ಮೊದಲು `ftyp`, ಇದು ಯಾವ ಜಾತಿಯ ಫೈಲ್ ಅಂತ ಹೇಳುವ ಪುಟ್ಟ ಚೀಟಿ. ಆಮೇಲೆ `mdat`, ಚಿತ್ರ ಮತ್ತು ದನಿ ತುಂಬಿರುವ ದೊಡ್ಡ ಮೂಟೆ. ಕೊನೆಗೆ `moov`. ಇದು ಪರಿವಿಡಿ. ಯಾವ ಚಿತ್ರ ಎಲ್ಲಿ ಶುರುವಾಗುತ್ತೆ, ಎಷ್ಟು ಬೈಟ್ ಇದೆ, ಎಷ್ಟು ಹೊತ್ತು ತೋರಿಸಬೇಕು, ಚಿತ್ರವನ್ನು ಬಿಚ್ಚೋದು ಹೇಗೆ, ಎಲ್ಲ ಇದರಲ್ಲೇ. ತೊಂದರೆ ಏನಂದ್ರೆ, ಮಾಮೂಲಿ ಕ್ಯಾಮೆರಾ ಆ್ಯಪ್‌ಗಳು `moov` ಬರೆಯುವುದು ನೀವು ಸ್ಟಾಪ್ ಒತ್ತಿದ ಮೇಲೆ. ಸ್ಟಾಪ್ ಒತ್ತುವ ಮೊದಲೇ ಫೋನ್ ಸತ್ತರೆ ಮೂಟೆ ಇರುತ್ತೆ, ಪರಿವಿಡಿ ಇರೋದಿಲ್ಲ.

ಹಾಗಾಗಿ "ಹೆಡರ್ ಹಾಳಾಗಿದೆ" ಅನ್ನುವುದು ಅರ್ಧ ಮಾತ್ರ ನಿಜ. ಬಹಳ ಸಲ ಅದು ಹಾಳಾಗಿರುವುದಲ್ಲ, ಬರೆದೇ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಫೈಲಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ `xxd` ಅನ್ನುವ ಕಮಾಂಡಿನಲ್ಲಿ ನೋಡಿದಾಗ ತಮ್ಮನ ಫೈಲಿನ ಮೊದಲ 40 ಬೈಟ್ ಹೀಗಿದ್ದವು:

```
$ xxd -l 40 broken.mp4
00000000: 0000 0018 6674 7970 6d70 3432 0000 0000  ....ftypmp42....
00000010: 6973 6f6d 6d70 3432 0000 0001 6d64 6174  isommp42....mdat
00000020: 3f3f 3f3f 3f3f 3f3f                      ????????
```

ಆ ಎಂಟು ಪ್ರಶ್ನಾರ್ಥಕ ಚಿಹ್ನೆ ನೋಡಿ. ಅದು ಕೆಟ್ಟ ಡೇಟಾ ಅಲ್ಲ. ಮೂಟೆಯ ಅಳತೆ ಇನ್ನೂ ಗೊತ್ತಿಲ್ಲ, ಆಮೇಲೆ ತುಂಬುತ್ತೇನೆ ಅಂತ ಆಂಡ್ರಾಯ್ಡ್ ತಾನೇ ಹಾಗೆ ಬರೆದಿಡುತ್ತೆ. ತುಂಬಲು ಪುರುಸೊತ್ತು ಸಿಗಲಿಲ್ಲ, ಅಷ್ಟೆ. ಈ ಗುರುತು ಕಂಡರೆ ನನಗೆ ಅರ್ಧ ಸಮಾಧಾನ. ಒಳಗಿನ ಮಾಲು ಬಹುಶಃ ಹಾಗೇ ಇದೆ.

ಇದನ್ನು ನೋಡಲು ಬರದಿದ್ದರೆ `ffmpeg` ಅನ್ನುವ ಪುಕ್ಕಟೆ ವಿಡಿಯೊ ಸಾಧನ ಹಾಕಿಕೊಂಡು `ffmpeg -i broken.mp4` ಅಂತ ಹೊಡೆಯಿರಿ. `moov atom not found` ಅಂತ ಬಂದರೆ ಇದೇ ಕಾಯಿಲೆ.

ಮೊದಲ ಪರೀಕ್ಷೆ: ಮಾಲು ಇದೆಯಾ?

ಯಾವ ದಾರಿ ಹಿಡಿಯಬೇಕು ಅನ್ನುವುದು ನಿಜವಾಗಿ ಇಲ್ಲೇ ತೀರ್ಮಾನ ಆಗುತ್ತೆ. ಗ್ಯಾಲರಿಯಲ್ಲಿ ಕಾಣದಿದ್ದರೆ ಫೈಲ್ ಹೋಯ್ತು ಅಂದುಕೊಳ್ಳಬೇಡಿ. ಆಂಡ್ರಾಯ್ಡ್ 11ರಿಂದ ಈಚೆಗೆ, ಬರೆದು ಮುಗಿಯದ ಫೈಲಿನ ಹೆಸರು `.pending-` ಅಂತ ಶುರುವಾಗಬಹುದು. ಹೆಸರು ಚುಕ್ಕಿಯಿಂದ ಶುರುವಾದರೆ ಫೈಲ್ ಮ್ಯಾನೇಜರ್ ಅದನ್ನು ಅಡಗಿಸಿಡುತ್ತೆ. ಅಡಗಿದ ಫೈಲುಗಳನ್ನು ತೋರಿಸು ಅನ್ನುವ ಆಯ್ಕೆ ಹಚ್ಚಿ `DCIM/Camera` ನೋಡಿ. ಕಂಪ್ಯೂಟರ್ ಇದ್ದರೆ, ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಹಚ್ಚಿ, ಕಂಪ್ಯೂಟರಿನಿಂದ ಫೋನಿನೊಳಗೆ ನೋಡುವ `adb` ಅನ್ನುವ ಸಾಧನದಲ್ಲಿ ಹೀಗೆ ಹೊಡೆಯಿರಿ:

```
adb shell ls -la /sdcard/DCIM/Camera/
adb pull /sdcard/DCIM/Camera/ಫೈಲಿನ-ಹೆಸರು
```

ಇಲ್ಲಿ ಒಂದು ಅವಸರದ ಮಾತು. `.pending-` ಫೈಲಿಗೆ ಆಂಡ್ರಾಯ್ಡ್ ಮಾಮೂಲಾಗಿ ಒಂದು ವಾರದ ಆಯುಸ್ಸು ಕೊಡುತ್ತೆ. ಆಮೇಲೆ ಕಸ ಅಂತ ತಿಳಿದು ತಾನೇ ಗುಡಿಸಿಬಿಡುತ್ತೆ. ಹೆಸರಿನಲ್ಲಿ `.pending-` ಆದ ಮೇಲೆ ಬರುವ ಉದ್ದದ ಸಂಖ್ಯೆ ಆ ಗಡುವಿನದೇ, 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಹಾಗಾಗಿ ಯಾವ ಸಾಫ್ಟ್‌ವೇರ್ ಅಂತ ಯೋಚಿಸುತ್ತಾ ಕೂರುವ ಮೊದಲು ಫೈಲನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆದುಕೊಳ್ಳಿ. ವಾಟ್ಸಾಪಲ್ಲಿ ಕಳಿಸಬೇಡಿ. ಓಪನ್ ಆಗದ ವಿಡಿಯೊ ಅದರಲ್ಲಿ ಹೋಗೋದೂ ಕಷ್ಟ.

ಈಗ ಫೈಲಿನ ಅಳತೆ ನೋಡಿ. ಅದೇ ಫೋನಿನ ಸರಿ ಇರುವ ಒಂದು ನಿಮಿಷದ ವಿಡಿಯೊ ಎಷ್ಟು ಎಂಬಿ ಇದೆ? ತಮ್ಮನ ಫೋನಿನಲ್ಲಿ 1080p ವಿಡಿಯೊಗೆ ನಿಮಿಷಕ್ಕೆ ಸುಮಾರು 130 ಎಂಬಿ. 3,400 ಅನ್ನು 130ರಿಂದ ಭಾಗಿಸಿದರೆ 26 ನಿಮಿಷ. ಅವನು ಹೇಳಿದ ಹೊತ್ತಿಗೂ ಇದು ತಾಳೆಯಾಯಿತು. ಈ 26 ಅನ್ನುವ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಯಾರು ಸರಿಮಾಡಿಕೊಟ್ಟರೂ ಅವರ ಕೆಲಸ ಅಳೆಯಲು ಇದೇ ಕೋಲು.

ಅಳತೆ ಸೊನ್ನೆ ಇದ್ದರೆ, ಅಥವಾ ಕೆಲವೇ ಕೆಬಿ ಇದ್ದರೆ, ಯಾವ ರಿಪೇರಿ ಸಾಫ್ಟ್‌ವೇರಿಗೂ ಕಾಸು ಕೊಡಬೇಡಿ. ಸರಿಮಾಡಲು ಒಳಗೆ ಏನೂ ಇಲ್ಲ. ಅಳತೆ ದೊಡ್ಡದಿದ್ದೂ ಒಳಗೆ ಬರೀ `0000` ಇರುವುದೂ ಉಂಟು. ಫೋನ್ ಜಾಗ ಕಾದಿರಿಸಿ, ಡೇಟಾ ಬರೆಯುವಷ್ಟರಲ್ಲಿ ಸತ್ತಿರುತ್ತೆ. ಫೈಲಿನ ನಡುವೆ ಮೂರ್ನಾಲ್ಕು ಕಡೆ ಇಣುಕಿ ನೋಡಿದರೆ ಗೊತ್ತಾಗುತ್ತೆ:

```
xxd -s 1000000000 -l 64 broken.mp4
```

ಕಲಸುಮೇಲೋಗರ ಕಂಡರೆ ಒಳ್ಳೇದು, ಎಲ್ಲಾ ಕಡೆ ಸೊನ್ನೆ ಕಂಡರೆ ಕೈಬಿಡಿ. ಕೊನೆಯ ಕೆಲವು ಸೆಕೆಂಡು ಮಾತ್ರ ಹೇಗೂ ಹೋಗಿರುತ್ತೆ. ಅದು ಇನ್ನೂ ಮೆಮೊರಿಯಲ್ಲೇ ಇತ್ತು, ಸ್ಟೋರೇಜಿಗೆ ಇಳಿದೇ ಇರಲಿಲ್ಲ.

ದಾರಿ ಒಂದು: `untrunc`, ಪುಕ್ಕಟೆ

ಮಾಲು ಇದೆ, ಸರಿ ಇರುವ ಜೋಡಿ ವಿಡಿಯೊ ಇದೆ ಅಂದ್ರೆ ನಾನು ಮೊದಲು ಹಿಡಿಯುವುದು ಇದನ್ನೇ. ಫೆಡೆರಿಕೊ ಪೊಂಕಿಯೊ ಎಂಬ ಪ್ರೋಗ್ರಾಮರ್ ಶುರುಮಾಡಿದ ಓಪನ್ ಸೋರ್ಸ್ ಸಾಧನ ಇದು. ಈಗ ಹೆಚ್ಚಿನವರು ಬಳಸುವುದು `anthwlock` ಅನ್ನುವ ಹೆಸರಿನಲ್ಲಿರುವ ಕವಲನ್ನು. ವಿಂಡೋಸಿಗೆ ಬಟನ್ ಒತ್ತುವ ರೂಪದಲ್ಲೂ ಸಿಗುತ್ತೆ.

ಅದು ಮಾಡುವ ಕೆಲಸ ಹೀಗೆ. ಸರಿ ಇರುವ ವಿಡಿಯೊದ `moov` ಓದಿ, ಈ ಫೋನು ಚಿತ್ರವನ್ನು ಹೇಗೆ ಕಟ್ಟುತ್ತೆ, ದನಿಯನ್ನು ಹೇಗೆ ಕಟ್ಟುತ್ತೆ ಅಂತ ಕಲಿತುಕೊಳ್ಳುತ್ತೆ. ಚಿತ್ರ ಬಿಚ್ಚಲು ಬೇಕಾದ ಕೀಲಿಕೈಯಂಥ ಒಂದಿಷ್ಟು ಬೈಟುಗಳು ಸಾಮಾನ್ಯವಾಗಿ ಪರಿವಿಡಿಯಲ್ಲೇ ಇರುವುದರಿಂದ ಅವನ್ನೂ ಅಲ್ಲಿಂದಲೇ ಎರವಲು ತರುತ್ತೆ. ಆಮೇಲೆ ಹಾಳಾದ ಫೈಲಿನ ಮೂಟೆಯೊಳಗೆ ಇಳಿದು "ಇದು ಚಿತ್ರ, ಇದು ದನಿ, ಇದು ಮುಂದಿನ ಚಿತ್ರ" ಅಂತ ಒಂದೊಂದೇ ಗುರುತಿಸುತ್ತಾ ಹೊಸ ಪರಿವಿಡಿ ಬರೆಯುತ್ತೆ.

```
untrunc ok.mp4 broken.mp4
```

ಇಡೀ ಕೆಲಸದ ಗೆಲುವು ಸೋಲು ಆ `ok.mp4` ಮೇಲೆ ನಿಂತಿದೆ. ಅದೇ ಫೋನು, ಅದೇ ಆ್ಯಪ್, ಅದೇ ರೆಸಲ್ಯೂಶನ್, ಅದೇ ಫ್ರೇಮ್ ರೇಟ್ ಇರಬೇಕು. ವಿಡಿಯೊ ಕುಗ್ಗಿಸುವ ಬಗೆ ಎಚ್.264 ಅಥವಾ ಎಚ್‌ಇವಿಸಿ, ಆ ಸೆಟ್ಟಿಂಗ್ ಕೂಡ ಒಂದೇ ಇರಬೇಕು. ಹಳೆಯದು ಹುಡುಕುವ ಬದಲು ಹೊಸದಾಗಿ ಎರಡು ನಿಮಿಷ ರೆಕಾರ್ಡ್ ಮಾಡುವುದು ಸುಲಭ. ಆದರೆ ಹಾಳಾದ ಫೈಲನ್ನು ಕಂಪ್ಯೂಟರಿಗೆ ತೆಗೆದ ಮೇಲೆ ಮಾಡಿ, ಮೊದಲೇ ಬೇಡ. ಸುಮ್ನೆ ಗೋಡೆ ತೋರಿಸಬೇಡಿ. ಜನ ಓಡಾಡುವ, ಮಾತು ಕೇಳುವ ದೃಶ್ಯ ತೆಗೆಯಿರಿ, ಸಾಧನಕ್ಕೆ ಕಲಿಯಲು ಏನಾದರೂ ಬೇಕಲ್ವಾ? ಫೋನೇ ಸತ್ತಿದ್ದರೆ ಹಿಂದೆ ಬ್ಯಾಕಪ್ ಆದ ಮೂಲ ವಿಡಿಯೊ ಆಗಬಹುದು, ಅದೇ ಮಾಡೆಲಿನ ಇನ್ನೊಬ್ಬರ ಫೋನೂ ಆಗಬಹುದು. ವಾಟ್ಸಾಪಲ್ಲಿ ಮಾಮೂಲಾಗಿ ಕಳಿಸಿದ ಪ್ರತಿ ಮಾತ್ರ ಬೇಡ. ವಾಟ್ಸಾಪ್ ಅದನ್ನು ಹೊಸದಾಗಿ ಕುಗ್ಗಿಸಿ ಕಟ್ಟಿರುತ್ತೆ, ನಿಮ್ಮ ಫೋನಿನ ಕೈಬರಹ ಅದರಲ್ಲಿ ಉಳಿದಿರೋದಿಲ್ಲ.

ತಮ್ಮನ ಫೈಲಿನ ಮೇಲೆ ಮೊದಲ ಸಲ ಓಡಿಸಿದಾಗ ಬಂದದ್ದು 3 ನಿಮಿಷ. 26 ಬರಬೇಕಿತ್ತು. ನಡುವೆ ಗುರುತು ಸಿಗದ ತುಣುಕು ಎದುರಾಗಿ ಸಾಧನ ಅಲ್ಲೇ ನಿಂತುಬಿಟ್ಟಿತ್ತು. ಇಂಥ ಜಾಗ ದಾಟಿ ಮುಂದೆ ಹೋಗು ಅನ್ನಲು `-s` ಇದೆ:

```
untrunc -s ok.mp4 broken.mp4
```

ಎರಡನೇ ಸಲ 26 ನಿಮಿಷ ಬಂತು. ದಾಟಿದ ಜಾಗದಲ್ಲಿ ಒಂದು ಕ್ಷಣ ಚಿತ್ರ ಚೌಕಚೌಕವಾಗಿ ಒಡೆಯಿತು, ಮುಂದೆ ಸರಿಹೋಯಿತು.

ಆದರೆ ಹತ್ತು ನಿಮಿಷ ಆಗುವಷ್ಟರಲ್ಲಿ ಚಿಕ್ಕಮ್ಮನ ತುಟಿಗೂ ಹಾಡಿಗೂ ಹೊಂದಲಿಲ್ಲ. ಇದು ಈ ದಾರಿಯ ದೊಡ್ಡ ಕೊರತೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೋನು ಯಾವಾಗಲೂ ಸೆಕೆಂಡಿಗೆ ಸರಿಯಾಗಿ 30 ಚಿತ್ರ ತೆಗೆಯೋದಿಲ್ಲ. ಬೆಳಕು ಕಮ್ಮಿಯಾದರೆ ನಿಧಾನ ಮಾಡುತ್ತೆ. ಯಾವ ಚಿತ್ರ ಎಷ್ಟು ಹೊತ್ತು ಇತ್ತು ಅನ್ನುವ ಲೆಕ್ಕ ಕಳೆದುಹೋದ ಪರಿವಿಡಿಯಲ್ಲಿತ್ತು. ಈಗ ಅದು ಗೊತ್ತಿಲ್ಲದೆ ಎಲ್ಲ ಚಿತ್ರಕ್ಕೂ ಒಂದೇ ಅವಧಿ ಹಂಚಲಾಗಿದೆ. ದನಿಯಲ್ಲಿ ಈ ಗೊಂದಲ ಇಲ್ಲ, ಅದರ ಪ್ರತಿ ತುಣುಕೂ ಸಾಮಾನ್ಯವಾಗಿ 1,024 ಸ್ಯಾಂಪಲ್, ಅಂದ್ರೆ 48,000 ದರದಲ್ಲಿ ಸುಮಾರು 21 ಮಿಲಿಸೆಕೆಂಡ್. ಆದ್ದರಿಂದ ದನಿಯ ಉದ್ದವನ್ನೇ ನಂಬಬೇಕು.

ನಮ್ಮಲ್ಲಿ ದನಿ 26 ನಿಮಿಷ 10 ಸೆಕೆಂಡು, ಅಂದ್ರೆ 1,570 ಸೆಕೆಂಡು. ಚಿತ್ರ 25 ನಿಮಿಷ 40 ಸೆಕೆಂಡು, ಅಂದ್ರೆ 1,540. ಭಾಗಿಸಿದರೆ 1.0195. `untrunc` ಕೊಟ್ಟ ಫೈಲಿಗೆ `fixed.mp4` ಅಂತ ಹೆಸರಿಟ್ಟು, ಚಿತ್ರವನ್ನು ಅಷ್ಟು ಪಟ್ಟು ಎಳೆದರೆ ಆಯ್ತು:

```
ffmpeg -itsscale 1.0195 -i fixed.mp4 -i fixed.mp4 \
  -map 0:v -map 1:a -c copy synced.mp4
```

ಮತ್ತೆ ಎನ್‌ಕೋಡ್ ಮಾಡುವ ಕೆಲಸ ಇಲ್ಲ, ಗುಣಮಟ್ಟ ಹಾಗೇ ಉಳಿಯುತ್ತೆ. `untrunc`ನಲ್ಲೇ `-sv` ಅನ್ನುವ ಆಯ್ಕೆಯೂ ಇದೇ ಎಳೆಯುವ ಕೆಲಸ ಮಾಡುತ್ತೆ. ನನಗೆ ಕೈಲೆಕ್ಕವೇ ಇಷ್ಟ, ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತೆ. ಮಂಟಪದ ದೀಪ ಹಚ್ಚಿದಾಗ ಒಂದು ವೇಗ, ಆರಿಸಿದಾಗ ಇನ್ನೊಂದು ವೇಗ ಆಗಿದ್ದರೆ ಮಾತ್ರ ಇಡೀ ವಿಡಿಯೊವನ್ನು ಒಂದೇ ಸಮ ಎಳೆದರೆ ಸಾಲದು. ತುಂಡು ಮಾಡಿ ಬೇರೆ ಬೇರೆ ಎಳೆಯಬೇಕಾಗುತ್ತೆ.

ಖರ್ಚು ಸೊನ್ನೆ. ಹೊತ್ತು ನನಗೆ ಒಂದು ಸಂಜೆ ಹಿಡಿಯಿತು. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದು ರೂಢಿ ಇಲ್ಲದವರಿಗೆ ಎರಡು ಸಂಜೆ ಅನ್ನಿ.

ದಾರಿ ಎರಡು: ದುಡ್ಡಿನ ರಿಪೇರಿ ಸಾಫ್ಟ್‌ವೇರ್

ಇವುಗಳಲ್ಲಿ ಹೆಚ್ಚಿನವೂ ಸರಿ ಇರುವ ಒಂದು ಮಾದರಿ ವಿಡಿಯೊ ಕೇಳುತ್ತವೆ. ಅಂದ್ರೆ ಒಳಗಿನ ಉಪಾಯ ಅದೇ. ಜಾಸ್ತಿ ಸಿಗುವುದು ಚಂದದ ಪರದೆ ಮತ್ತು ಕೆಲವೊಮ್ಮೆ ಚಿತ್ರ-ದನಿ ಹೊಂದಿಸುವಲ್ಲಿ ಇನ್ನಷ್ಟು ಜಾಣತನ. ಹೊತ್ತಿಲ್ಲದವರಿಗೆ, ಒಂದೇ ಬಗೆಯ ಹತ್ತಿಪ್ಪತ್ತು ಫೈಲ್ ಸರಿಮಾಡಬೇಕಾದ ಮದುವೆ ವಿಡಿಯೊದವರಿಗೆ ಇದು ನ್ಯಾಯವಾದ ಖರ್ಚೇ.

ಕೊಳ್ಳುವ ಮೊದಲು ಒಂದೇ ಪರೀಕ್ಷೆ. ಪುಕ್ಕಟೆ ಆವೃತ್ತಿಯಲ್ಲಿ ಮುನ್ನೋಟ ತೋರಿಸುತ್ತಾ? ತೋರಿಸಿದರೆ ಮೊದಲ ನಿಮಿಷ ನೋಡಿ ಖುಷಿಪಡಬೇಡಿ. ನಡುವೆ, ಕೊನೆಯಲ್ಲಿ ನೋಡಿ. ಒಟ್ಟು ಉದ್ದ ನಿಮ್ಮ ಅಂದಾಜಿಗೆ ಹತ್ತಿರ ಇದೆಯಾ, ತುಟಿ-ದನಿ ಕೊನೆಯಲ್ಲೂ ಹೊಂದುತ್ತಾ ನೋಡಿ. ಬರೀ "ನಿಮ್ಮ ಫೈಲ್ ಸರಿಯಾಗಿದೆ, ಸೇವ್ ಮಾಡಲು ಖರೀದಿಸಿ" ಅಂತ ಹಸಿರು ಟಿಕ್ ತೋರಿಸಿ, ಚಿತ್ರ ತೋರಿಸದಿದ್ದರೆ ಮುಚ್ಚಿಬಿಡಿ. ತಮ್ಮನಿಗೆ ದುಡ್ಡು ಕೇಳುತ್ತಿದ್ದುದು ಇಂಥದ್ದೇ. ಅದಕ್ಕೆ ಮಾದರಿ ವಿಡಿಯೊ ಕೊಡಲು ಜಾಗವೂ ಇರಲಿಲ್ಲ. ಮಾದರಿ ಇಲ್ಲದೆ ಸರಿಮಾಡುತ್ತೇನೆ ಅನ್ನುವವರನ್ನು ನಾನು ಬೇಗ ನಂಬೋದಿಲ್ಲ.

ದಾರಿ ಮೂರು: ವೆಬ್‌ಸೈಟಿಗೆ ಅಪ್‌ಲೋಡ್

ಕಂಪ್ಯೂಟರಿಗೆ ಏನೂ ಹಾಕಿಕೊಳ್ಳಬೇಕಿಲ್ಲ ಅನ್ನುವುದೇ ಇದರ ಸುಖ. ಚಿಕ್ಕ ಫೈಲು, ಗುಟ್ಟಿಲ್ಲದ ವಿಷಯ ಆದರೆ ಸರಿ. 3.4 ಜಿಬಿ ಅಂದ್ರೆ ಬೇರೆ ಕಥೆ. ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇರುವ ಮೊಬೈಲ್ ನೆಟ್ಟಿನಲ್ಲಿ ಒಂದೂವರೆ ಗಂಟೆ ಬೇಕು, ನಡುವೆ ಕರೆಂಟ್ ಹೋಗದಿದ್ದರೆ. ಮನೆಯ ಹೆಂಗಸರು ಮಕ್ಕಳು ಇರುವ ವಿಡಿಯೊ, ವಕೀಲರ ಹತ್ತಿರ ಮಾತಾಡಿದ್ದು, ಡಾಕ್ಟರ ಹತ್ತಿರ ಮಾತಾಡಿದ್ದು, ಇವನ್ನೆಲ್ಲ ಗುರುತಿಲ್ಲದ ಸರ್ವರಿಗೆ ಏರಿಸುವುದು ನನಗೆ ಒಗ್ಗದ ಕೆಲಸ.

ದಾರಿ ನಾಲ್ಕು: ಡೇಟಾ ರಿಕವರಿ ಅಂಗಡಿ

ಇಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಫೈಲ್ ಕೈಯಲ್ಲಿದೆ, ಓಪನ್ ಆಗ್ತಿಲ್ಲ ಅನ್ನುವುದು ರಿಪೇರಿಯ ಮಾತು. ಫೈಲೇ ಕೈಯಲ್ಲಿಲ್ಲ ಅನ್ನುವುದು ರಿಕವರಿಯ ಮಾತು. ಮೊದಲನೆಯದಕ್ಕೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೂ ಅಂಗಡಿಯವರು ಬಹುಮಟ್ಟಿಗೆ ಮಾಡುವುದು ಮೇಲಿನ ಕೆಲಸವನ್ನೇ.

ಅಂಗಡಿಗೆ ಹೋಗಬೇಕಾದದ್ದು ಫೋನ್ ಆನೇ ಆಗದಿದ್ದಾಗ. ಬೋರ್ಡ್ ಸರಿಮಾಡಿ, ಫೋನನ್ನು ಒಮ್ಮೆ ಜೀವಂತ ಮಾಡಿ, ಪಿನ್ ಹಾಕಿ ಫೈಲ್ ಹೊರತೆಗೆಯಲು ಪರಿಣತರೇ ಬೇಕು. ಆದರೆ ಈಗಿನ ಆಂಡ್ರಾಯ್ಡ್ ಫೋನಿನ ಒಳ ಸ್ಟೋರೇಜಿನಿಂದ ಅಳಿಸಿಹೋದ ಫೈಲನ್ನು ಹುಡುಕಿ ಕೊಡುತ್ತೇನೆ ಅಂದರೆ ಅನುಮಾನಪಡಿ. ಒಳಗಿರುವುದೆಲ್ಲ ಗೂಢಲಿಪಿಯಲ್ಲಿರುತ್ತೆ, ಫೈಲ್ ಅಳಿದಾಗ ಅದರ ಕೀಲಿಯೂ ಹೋಗುತ್ತೆ. ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡಿದ್ದರೆ ಮಾತ್ರ ಆಸೆ ಇದೆ. ಕಾರ್ಡನ್ನು ತಕ್ಷಣ ಹೊರತೆಗೆದು, `PhotoRec` ಅನ್ನುವ ಪುಕ್ಕಟೆ ಸಾಧನ ಓಡಿಸಿ ನೋಡಬಹುದು. ಅದಕ್ಕೂ ಸಿಗದಿದ್ದರೆ ಅಂಗಡಿ.

ದನಿ ಮಾತ್ರ ಇದ್ದರೆ

ಧ್ವನಿ ರೆಕಾರ್ಡಿಂಗ್ ಆದರೆ ಮೇಲಿನ ಯಾವುದೂ ಬೇಡದೇ ಇರಬಹುದು. `.wav` ಎಲ್ಲಕ್ಕಿಂತ ಸುಲಭ. ಅದರ ಹೆಡರಿನಲ್ಲಿ ಉದ್ದದ ಲೆಕ್ಕ ತಪ್ಪಿರುತ್ತೆ, ಅಷ್ಟೆ. ಲೆಕ್ಕ ಬಿಟ್ಟು ಕೊನೆವರೆಗೂ ಓದು ಅಂತ ಹೇಳಿದರೆ ಮುಗಿಯಿತು:

```
ffmpeg -ignore_length 1 -i broken.wav -c copy fixed.wav
```

ಹೆಡರ್ ಪೂರ್ತಿ ಹೋಗಿದ್ದರೆ ಆಡಾಸಿಟಿ ಅನ್ನುವ ದನಿ ತಿದ್ದುವ ಸಾಫ್ಟ್‌ವೇರಿನಲ್ಲಿ `Import` ಒಳಗಿನ `Raw Data` ಆರಿಸಿ, 16 ಬಿಟ್, 44,100, ಮೊನೊ ಅಂತ ಕೊಟ್ಟು ನೋಡಿ. ದನಿ ಗುಬ್ಬಚ್ಚಿಯ ಹಾಗೆ ಕೇಳಿದರೆ ದರ ಜಾಸ್ತಿ ಕೊಟ್ಟಿದ್ದೀರಿ. ಎಮ್ಮೆ ಆಕಳಿಸಿದ ಹಾಗೆ ಕೇಳಿದರೆ ಕಮ್ಮಿ ಕೊಟ್ಟಿದ್ದೀರಿ, ಅಥವಾ ಅದು ಸ್ಟೀರಿಯೊ.

ಹಳೆಯ ಫೋನುಗಳ `.3gp` ಧ್ವನಿಯಲ್ಲಿ ನನಗೆ ಬಹಳ ಇಷ್ಟವಾದ ಉಪಾಯ ಇದೆ. ಒಳಗಿರುವುದು ಎಎಂಆರ್ ಆಗಿದ್ದರೆ ಪ್ರತಿ 20 ಮಿಲಿಸೆಕೆಂಡಿಗೆ ಒಂದು ತುಣುಕು, 12.2 ಕೆಬಿಪಿಎಸ್ ದರದಲ್ಲಿ ಪ್ರತಿ ತುಣುಕೂ 32 ಬೈಟ್, ಪ್ರತಿಯೊಂದರ ಮೊದಲ ಬೈಟ್ `3c`. `xxd`ಯಲ್ಲಿ ನೋಡಿದರೆ ಎರಡೆರಡು ಸಾಲಿಗೊಮ್ಮೆ `3c` ಒಂದೇ ಕಂಬದಲ್ಲಿ ನಿಂತಿರುತ್ತೆ. ಮೊದಲ `3c` ಎಷ್ಟನೇ ಬೈಟ್ ಅಂತ ಎಣಿಸಿ, ಅಲ್ಲಿಂದ ಮುಂದಿನದಕ್ಕೆ ಆರು ಅಕ್ಷರದ ತಲೆ ಅಂಟಿಸಿದರೆ ಹಾಡಲು ಶುರು. 41ನೇ ಬೈಟ್ ಆಗಿದ್ದರೆ:

```
(printf '#!AMR\n'; tail -c +41 broken.3gp) > fixed.amr
```

ಜೋಡಿ ಫೈಲ್ ಬೇಡ, ಸಾಫ್ಟ್‌ವೇರ್ ಬೇಡ. ಸೆಕೆಂಡಿಗೆ 1,600 ಬೈಟ್ ಲೆಕ್ಕ ಹಿಡಿದರೆ ಎಷ್ಟು ಹೊತ್ತಿನದು ಅಂತಲೂ ಮೊದಲೇ ಗೊತ್ತಾಗುತ್ತೆ.

`.m4a` ಮಾತ್ರ ಹಟಮಾರಿ. ಅದರೊಳಗಿನ ಎಎಸಿ ತುಣುಕುಗಳಿಗೆ "ನಾನು ಇಲ್ಲಿ ಶುರು" ಅನ್ನುವ ಗುರುತೇ ಇರೋದಿಲ್ಲ. ಅಳತೆಯೂ ಒಂದೊಂದರದು ಒಂದೊಂದು. ಇಲ್ಲಿ ಮತ್ತೆ `untrunc`, ಮತ್ತೆ ಜೋಡಿ ಫೈಲ್. ವಿಡಿಯೊಗಿಂತ ಇಲ್ಲಿ ಎಡವುವುದು ಜಾಸ್ತಿ, ಹಾಗಾಗಿ ಮೊದಲ ಯತ್ನ ಸೋತರೆ ದುಡ್ಡಿನ ಸಾಫ್ಟ್‌ವೇರಿನ ಮುನ್ನೋಟ ನೋಡುವುದರಲ್ಲಿ ತಪ್ಪಿಲ್ಲ.

ಇನ್ನು `.mp4` ಅನ್ನು `.avi` ಅಂತ ಹೆಸರು ಬದಲಿಸಿ ವಿಎಲ್‌ಸಿಯಲ್ಲಿ ತೆರೆಯಿರಿ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತೆ. ವಿಎಲ್‌ಸಿ ಸರಿಮಾಡುವುದು ಎವಿಐ ಫೈಲಿನ ಪರಿವಿಡಿಯನ್ನು. ಹೆಸರು ಬದಲಿಸಿದ ಮಾತ್ರಕ್ಕೆ ಎಂಪಿ4 ಎವಿಐ ಆಗೋದಿಲ್ಲ.

ಹಾಗಾದ್ರೆ ನಿಮಗೆ ಯಾವುದು?

ಅಳತೆ ಸೊನ್ನೆ ಇದ್ದರೆ ಕೈಬಿಡಿ, ಅಥವಾ ಕಾರ್ಡಿನಲ್ಲಿ ಹುಡುಕಿ. `.wav`, ಎಎಂಆರ್ ಆದರೆ ಇವತ್ತೇ ನೀವೇ ಮಾಡಿ. ವಿಡಿಯೊ ಇದೆ, ಫೋನ್ ಬದುಕಿದೆ ಅಂದ್ರೆ `untrunc`. ಕಮಾಂಡ್ ಕಂಡರೆ ಆಗದವರು ಮುನ್ನೋಟ ನೋಡಿ ಕೊಳ್ಳಿ. ಫೋನ್ ಸತ್ತಿದ್ದರೆ ಮೊದಲು ಅಂಗಡಿ, ಫೈಲ್ ಸಿಕ್ಕ ಮೇಲೆ ರಿಪೇರಿ. ಅಂಗಡಿಯವರಿಗೆ ಎರಡು ಮಾತು ಮೊದಲೇ ಹೇಳಿ: ಫೈಲ್ ಸಿಕ್ಕರೆ ಮಾತ್ರ ದುಡ್ಡು, ಹಾಗೇ ಸಿಕ್ಕ ಮೂಲ ಫೈಲೂ ನನಗೆ ಬೇಕು.

ಯಾವ ದಾರಿಯಲ್ಲಿ ಬಂದರೂ ಕೊನೆಗೆ ಇದನ್ನು ಓಡಿಸಿ, ಗಾಯ ಏನಾದರೂ ಉಳಿದಿದೆಯಾ ಅಂತ ಹೇಳುತ್ತೆ:

```
ffmpeg -v error -i synced.mp4 -f null -
```

ತಮ್ಮನ ವಿಡಿಯೊದಲ್ಲಿ ನಾಲ್ಕೈದು ಸಾಲು ತಪ್ಪು ತೋರಿಸಿತು, ಎಲ್ಲವೂ ಆ ದಾಟಿದ ಜಾಗದ್ದೇ. `broken.mp4` ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. `untrunc`ನ ಹೊಸ ಆವೃತ್ತಿ ಬಂದಾಗ ಮತ್ತೊಮ್ಮೆ ಓಡಿಸಿ ನೋಡುತ್ತೇನೆ, ಆ ಒಡೆದ ಜಾಗವೂ ಸಿಕ್ಕರೆ ಸಿಗಲಿ ಅಂತ.